ಲ್ಯಾಬ್ ಪುಸ್ತಕದ ಪುಟದಿಂದ ಗ್ರಾಫ್ ಹಾಳೆಯವರೆಗೆ

ಸರಳ ಲೋಲಕದ ಪ್ರಯೋಗವನ್ನು ಮಾಡದೆ ವಿಜ್ಞಾನದ ಪಿಯುಸಿ ಮುಗಿಸಿದವರು ಅಪರೂಪ. ದಾರದ ತುದಿಗೆ ಲೋಹದ ಗುಂಡು ಕಟ್ಟಿ, ಸ್ಟ್ಯಾಂಡಿಗೆ ತೂಗುಹಾಕಿ, ಮೆಲ್ಲಗೆ ಒಂದು ಬದಿಗೆ ಎಳೆದು ಬಿಡುತ್ತಾರೆ. 20 ಆಂದೋಲನಗಳಿಗೆ ಎಷ್ಟು ಸೆಕೆಂಡು ಹಿಡಿಯಿತು ಎಂದು ಸ್ಟಾಪ್‌ವಾಚ್ ನೋಡಿ ಬರೆದುಕೊಳ್ಳುತ್ತಾರೆ. ದಾರದ ಉದ್ದ ಬದಲಿಸಿ ಮತ್ತೆ ಅದನ್ನೇ ಮಾಡುತ್ತಾರೆ. ಕೊನೆಗೆ ಉದ್ದ ಮತ್ತು ಆವರ್ತಕಾಲದ ವರ್ಗ ಇವೆರಡರ ಗ್ರಾಫ್ ಎಳೆದು, ಆ ಗೆರೆಯ ಇಳಿಜಾರಿನಿಂದ ಗುರುತ್ವ ವೇಗೋತ್ಕರ್ಷ g ಎಷ್ಟೆಂದು ಲೆಕ್ಕ ಹಾಕುತ್ತಾರೆ.

ಪ್ರಯೋಗ ಮಾಡುವುದು ಹೇಗೆ, ಗ್ರಾಫ್ ಎಳೆಯುವುದು ಹೇಗೆ ಎಂಬುದನ್ನು ಪಠ್ಯಪುಸ್ತಕ ಹೇಳುತ್ತದೆ. ಇವೆರಡರ ನಡುವೆ ಇರುವ ಕೆಲಸದ ಬಗ್ಗೆ, ಎಂದರೆ ಕೈಯಲ್ಲಿ ಬರೆದ ಕೋಷ್ಟಕದಿಂದ ಅಂಕಿಗಳನ್ನು ಹೆಕ್ಕಿ ಕಂಪ್ಯೂಟರಿನ ಹಾಳೆಗೆ ಇಳಿಸುವ ಬಗ್ಗೆ, ಹೇಳುವವರು ಕಡಿಮೆ. g ಬೆಲೆ ಕೆಡುವುದು ಅನೇಕ ಸಲ ಈ ಘಟ್ಟದಲ್ಲೇ. ಒಂದು ಪುಟವನ್ನು ಎದುರಿಗಿಟ್ಟುಕೊಂಡು ಆ ಕೆಲಸವನ್ನು ಹಂತ ಹಂತವಾಗಿ ನೋಡೋಣ. ವಿವರಿಸಲು ಅನುಕೂಲವಾಗಲೆಂದು ಹೆಣೆದ ಪುಟವಿದು. ಆದರೆ ಇದರಲ್ಲಿರುವ ತೊಡಕುಗಳೆಲ್ಲ ಯಾವ ಲ್ಯಾಬಿನಲ್ಲೂ ಕಾಣಸಿಗುವಂಥವು.

ಪುಟದಲ್ಲಿ ಏನಿದೆ

ಮೊದಲ ಪ್ರಶ್ನೆ, ಯಾವ ಪುಸ್ತಕದ ಪುಟ? ಲ್ಯಾಬಿನಲ್ಲಿ ನಿಂತು ಬರೆದ ರಫ್ ಪುಸ್ತಕ ಒಂದಿರುತ್ತದೆ, ಮನೆಯಲ್ಲಿ ಕೂತು ಚೆಂದಗೆ ನಕಲಿಸಿದ ರೆಕಾರ್ಡ್ ಇನ್ನೊಂದು. ಓದಲು ಸುಲಭ ಎಂದು ರೆಕಾರ್ಡ್ ತೆಗೆದುಕೊಳ್ಳಬೇಡಿ. ಅದು ಆಗಲೇ ಒಮ್ಮೆ ನಕಲಾಗಿದೆ. ನಕಲಿಸುವಾಗ ನುಸುಳಿದ ತಪ್ಪು ಅಲ್ಲಿ ಅಂದವಾದ ಅಕ್ಷರದಲ್ಲಿ ಕೂತಿರುತ್ತದೆ, ಹೊಡೆದುಹಾಕಿದ ಅಂಕಿಯ ಗುರುತಂತೂ ಉಳಿದಿರುವುದಿಲ್ಲ. ಅಂಕಿ ತೆಗೆಯಬೇಕಾದದ್ದು ರಫ್ ಪುಟದಿಂದ.

ನಮ್ಮ ರಫ್ ಪುಟದ ಕೋಷ್ಟಕ ಹೀಗಿದೆ. ಮೂರು ಕಾಲದ ಕಂಬಗಳ ಮೇಲೆ ಒಂದೇ ಉದ್ದನೆಯ ತಲೆಬರಹವಿದೆ: "20 ಆಂದೋಲನಕ್ಕೆ ಕಾಲ, ಸೆಕೆಂಡುಗಳಲ್ಲಿ".

| ಟ್ರಯಲ್ ನಂ. | L (ಸೆಂ.ಮೀ.) | t₁ | t₂ | t₃ | ಸರಾಸರಿ t |
|---|---|---|---|---|---|
| 1 | 60.0 | 31.2 | 31.0 | 31.1 | 31.1 |
| 2 | 70.0 | 33.7 | 33.5 | 33.6 | 33.6 |
| 3 | 80.0 | 36.0 | 35.8 | 35.9 | 35.9 |
| 4 | 90.0 | 38.1 | 36.2 | 38.2 | 37.5 |
| 5 | 100.0 | 40.1 | 40.3 | 40.2 | 40.2 |

ಅಚ್ಚಿನಲ್ಲಿ ಇದು ಸ್ವಚ್ಛವಾಗಿ ಕಾಣುತ್ತದೆ. ಕೈಬರಹದಲ್ಲಿ ಎರಡನೇ ಸಾಲಿನ 33.7 ಎಂಬುದರ ಕೊನೆಯ ಅಂಕಿ 7 ಹೌದೋ 1 ಹೌದೋ ಎಂಬ ಅನುಮಾನವಿದೆ. ನಾಲ್ಕನೇ ಸಾಲಿನ 36.2ರಲ್ಲಿ ನಡುವಿನ ಅಂಕಿ 6 ಇರಬಹುದು, 8 ಇರಬಹುದು. ಬಲಕ್ಕೆ T ಮತ್ತು T² ಕಂಬಗಳೂ ಇವೆ.

ಇಲ್ಲಿ ಗಮನಿಸಬೇಕಾದದ್ದು "ಟ್ರಯಲ್ ನಂ." ಕಂಬ. ಈ ಪುಟದಲ್ಲಿ 1ರಿಂದ 5ರವರೆಗಿನ ಅಂಕಿಗಳು ಒಂದೊಂದು ಉದ್ದಕ್ಕೆ ಕೊಟ್ಟ ಕ್ರಮಸಂಖ್ಯೆ. ಅದೇ ಉದ್ದವನ್ನು ಬದಲಿಸದೆ ಮತ್ತೆ ಮತ್ತೆ ಅಳೆದದ್ದರ ಸಂಖ್ಯೆ ಮೇಲುಗಡೆ t₁, t₂, t₃ ಎಂಬಲ್ಲಿದೆ. ನಮಗೆ ಬೇಕಾದ ನಿಜವಾದ ಟ್ರಯಲ್ ಸಂಖ್ಯೆ ಅದು. ಎಡಗಡೆಯ ಕಂಬವನ್ನೇ ಟ್ರಯಲ್ ಎಂದು ನಂಬಿ ಇಳಿಸಿದರೆ, 60 ಸೆಂ.ಮೀ. ಉದ್ದವನ್ನು ಒಂದೇ ಬಾರಿ ಅಳೆದಿದ್ದಾರೆ, 100 ಸೆಂ.ಮೀ. ಐದನೇ ಪ್ರಯತ್ನ ಎಂಬ ಅರ್ಥ ಬಂದುಬಿಡುತ್ತದೆ. ಯಾವ ಸಂಖ್ಯೆ ಬದಲಾದಾಗ ಉಪಕರಣದಲ್ಲಿ ಏನೂ ಬದಲಾಗುವುದಿಲ್ಲವೋ ಅದೇ ಪುನರಾವರ್ತನೆಯ ಸಂಖ್ಯೆ. ಕೋಷ್ಟಕದ ತಲೆಬರಹ ಏನೇ ಇರಲಿ, ಈ ಒಂದು ಪ್ರಶ್ನೆ ಕೇಳಿಕೊಂಡರೆ ಗೊಂದಲವಿರುವುದಿಲ್ಲ.

ಒಂದು ರೀಡಿಂಗಿಗೆ ಒಂದು ಸಾಲು

ಪುಟದ ಕೋಷ್ಟಕ ಕಣ್ಣಿಗೆ ಹಿತವಾಗಲೆಂದು ಅಗಲವಾಗಿದೆ. ಕಂಪ್ಯೂಟರಿಗೆ ಬೇಕಾದದ್ದು ಉದ್ದನೆಯ ಕೋಷ್ಟಕ: ಸ್ಟಾಪ್‌ವಾಚ್ ಒಂದು ಸಲ ನಿಲ್ಲಿಸಿದ್ದಕ್ಕೆ ಒಂದು ಸಾಲು. ಐದು ಉದ್ದ, ಪ್ರತಿಯೊಂದಕ್ಕೂ ಮೂರು ರೀಡಿಂಗ್, ಒಟ್ಟು 15 ಸಾಲು. 90 ಸೆಂ.ಮೀ.ನ ಸಾಲುಗಳು ಹೀಗಿರುತ್ತವೆ:

```
length_cm,trial,n_osc,time_s,use,note
90.0,1,20,38.1,1,
90.0,2,20,36.2,1,6 or 8 ?
90.0,3,20,38.2,1,
```

ಪುಟದಲ್ಲಿ ಒಂದೇ ಕಡೆ ಬರೆದದ್ದು ಇಲ್ಲಿ ಪ್ರತಿ ಸಾಲಿನಲ್ಲೂ ಬರುತ್ತದೆ. ಉದ್ದ 90.0 ಎಂದು ಒಮ್ಮೆ ಬರೆದಿದ್ದರೂ ಮೂರು ಸಾಲಿನಲ್ಲೂ ಅದನ್ನು ತುಂಬಬೇಕು. ಪುಟದಲ್ಲಿ ಉದ್ದದ ಕೆಳಗೆ "ಅದೇ" ಎಂಬ ಅರ್ಥದ ಎರಡು ಚುಕ್ಕೆ-ಗೀಟು ಹಾಕಿದ್ದರೆ, ಆ ಗುರುತನ್ನಲ್ಲ, ಅದು ಸೂಚಿಸುವ ಅಂಕಿಯನ್ನು ಟೈಪ್ ಮಾಡಬೇಕು. ತಲೆಬರಹದಲ್ಲಿ ಅಡಗಿದ್ದ 20 ಆಂದೋಲನ ಎಂಬ ಸಂಗತಿಗೂ ತನ್ನದೇ ಕಂಬ ಸಿಕ್ಕಿದೆ. ಇದು ಅನಗತ್ಯವಲ್ಲ. ಮುಂದಿನ ವಾರ ಇನ್ನೊಂದು ತಂಡ 25 ಆಂದೋಲನ ಎಣಿಸಿದರೆ ಅವರ ಅಂಕಿಗಳನ್ನೂ ಇದೇ ಹಾಳೆಗೆ ಸೇರಿಸಬಹುದು, ಭಾಗಿಸುವ ಸಂಖ್ಯೆ ತಪ್ಪುವುದಿಲ್ಲ.

ಸರಾಸರಿ, T, T² ಕಂಬಗಳು ಈ ಹಾಳೆಯಲ್ಲಿ ಇಲ್ಲ. ಅವು ಅಳೆದ ಅಂಕಿಗಳಲ್ಲ, ಅಳೆದ ಅಂಕಿಗಳಿಂದ ಹುಟ್ಟಿದ ಲೆಕ್ಕಗಳು. ಸರಾಸರಿಯನ್ನೂ ನಾಲ್ಕನೇ ರೀಡಿಂಗ್ ಎಂಬಂತೆ ಸೇರಿಸಿಬಿಟ್ಟರೆ ರೀಡಿಂಗುಗಳ ನಡುವಿನ ಏರಿಳಿತ ಇರುವುದಕ್ಕಿಂತ ಕಡಿಮೆ ಕಾಣುತ್ತದೆ. ಹಾಗೆಂದು ಅವನ್ನು ಮರೆಯಬಾರದು. ಅವುಗಳ ನಿಜವಾದ ಉಪಯೋಗ ಮುಂದೆ ಬರುತ್ತದೆ.

ಟೈಪ್ ಮಾಡುವಾಗ ಪುಟದಲ್ಲಿ ಇದ್ದದ್ದನ್ನು ಇದ್ದ ಹಾಗೆಯೇ ಇಳಿಸಿ. ಸೆಂಟಿಮೀಟರನ್ನು ಮೀಟರ್ ಮಾಡುವುದು, 20ರಿಂದ ಭಾಗಿಸುವುದು ಈಗ ಬೇಡ. ಓದುವುದು, ಲೆಕ್ಕ ಹಾಕುವುದು ಎರಡನ್ನೂ ಒಟ್ಟಿಗೆ ಮಾಡಿದರೆ ತಪ್ಪು ಯಾವುದರಲ್ಲಿ ಆಯಿತೆಂದು ಆಮೇಲೆ ಹುಡುಕಲಾಗದು. ಇಬ್ಬರಿದ್ದರೆ ಒಬ್ಬರು ಓದಿ ಹೇಳಲಿ, ಇನ್ನೊಬ್ಬರು ಟೈಪ್ ಮಾಡಲಿ, ಮುಗಿದ ಮೇಲೆ ಟೈಪ್ ಮಾಡಿದವರು ಪರದೆ ನೋಡಿ ಓದಲಿ, ಮೊದಲಿನವರು ಪುಟದಲ್ಲಿ ಬೆರಳಿಟ್ಟು ತಾಳೆ ನೋಡಲಿ.

ಓದಲಾಗದ ಅಂಕಿಯ ಜಾಗವನ್ನು ಖಾಲಿ ಬಿಟ್ಟು, ಟಿಪ್ಪಣಿಯ ಕಂಬದಲ್ಲಿ ಕಾರಣ ಬರೆಯಬೇಕು. ಅಲ್ಲಿ ಸೊನ್ನೆ ಹಾಕಬಾರದು. ಖಾಲಿ ಮನೆಯನ್ನು ಸರಾಸರಿಯ ಸೂತ್ರ ಬಿಟ್ಟು ಮುಂದೆ ಹೋಗುತ್ತದೆ, ಸೊನ್ನೆಯನ್ನು ಅಳೆದ ಬೆಲೆ ಎಂದೇ ಎಣಿಸುತ್ತದೆ. ಹೊಡೆದುಹಾಕಿ ಮೇಲೆ ಬೇರೆ ಬರೆದಿದ್ದರೆ ಮೇಲಿನದನ್ನು ತೆಗೆದುಕೊಂಡು, ಹೊಡೆದ ಅಂಕಿಯನ್ನು ಟಿಪ್ಪಣಿಯಲ್ಲಿ ಉಳಿಸಿ.

ಏಕಮಾನ ಎಲ್ಲಿ ಅಡಗಿರುತ್ತದೆ

ಏಕಮಾನ ಅಂಕಿಯ ಪಕ್ಕದಲ್ಲಿ ಇರುವುದಿಲ್ಲ, ಕಂಬದ ತಲೆಯ ಮೇಲೆ ಇರುತ್ತದೆ. ಆದ್ದರಿಂದ ಹಾಳೆಯಲ್ಲಿ ಅದಕ್ಕೆ ಸರಿಯಾದ ಜಾಗ ಕಂಬದ ಹೆಸರೇ: `length_cm`, `time_s`. ಮನೆಯೊಳಗೆ ಅಂಕಿಯ ಜೊತೆ ಏಕಮಾನವನ್ನೂ ಬರೆದರೆ ಕಂಪ್ಯೂಟರ್ ಅದನ್ನು ಅಂಕಿ ಎಂದು ಗುರುತಿಸದೆ ಪಠ್ಯವೆಂದು ತಿಳಿಯುತ್ತದೆ, ಆ ಬಿಂದು ಗ್ರಾಫಿಗೆ ಬರುವುದಿಲ್ಲ.

ಕೆಲವು ಪುಸ್ತಕಗಳಲ್ಲಿ ತಲೆಬರಹ `L × 10⁻² m` ಎಂದಿರುತ್ತದೆ. ಅದರ ಕೆಳಗಿನ 60 ಎಂದರೆ 60 × 10⁻² ಮೀಟರ್, ಅಂದರೆ 0.60 ಮೀಟರ್. ಇದನ್ನು ತಿರುವುಮುರುವಾಗಿ ಓದಿ 6000 ಮೀಟರ್ ಮಾಡುವುದುಂಟು. ಆಗ ಕೇಳಿಕೊಳ್ಳಬೇಕಾದ ಪ್ರಶ್ನೆ ಸರಳ: ಮೇಜಿನ ಮೇಲಿನ ಸ್ಟ್ಯಾಂಡಿಗೆ ಆ ಉದ್ದದ ದಾರ ಕಟ್ಟಲು ಆಗುತ್ತದೆಯೇ?

ಸ್ಟಾಪ್‌ವಾಚ್‌ನಲ್ಲಿ ಇನ್ನೊಂದು ತೊಡಕಿದೆ. ಡಿಜಿಟಲ್ ಗಡಿಯಾರ ನಿಮಿಷ, ಸೆಕೆಂಡು, ಸೆಕೆಂಡಿನ ನೂರನೇ ಭಾಗ ಮೂರನ್ನೂ ತೋರಿಸುತ್ತದೆ. ವಿದ್ಯಾರ್ಥಿ ಅದನ್ನು ನೋಡಿದಂತೆಯೇ `0:36:02` ಎಂದು ಬರೆದಿರಬಹುದು. ಅದರ ಅರ್ಥ 36.02 ಸೆಕೆಂಡು. ಎಕ್ಸೆಲ್‌ನಂಥ ತಂತ್ರಾಂಶಕ್ಕೆ ಹಾಗೆಯೇ ಟೈಪ್ ಮಾಡಿ ಕೊಟ್ಟರೆ ಅದು 36 ನಿಮಿಷ 2 ಸೆಕೆಂಡು ಎಂದು ತಿಳಿದು, ದಿನದ ಒಂದು ಭಾಗವಾಗಿ ಸುಮಾರು 0.025 ಎಂದು ಒಳಗಿಟ್ಟುಕೊಳ್ಳುತ್ತದೆ. ಗ್ರಾಫಿನಲ್ಲಿ ಒಂದು ಬಿಂದು ತಳಕ್ಕೆ ಅಂಟಿಕೊಂಡಿದ್ದರೆ ಮೊದಲು ಇದನ್ನು ಶಂಕಿಸಿ.

36.0 ಎಂಬುದರ ಕೊನೆಯ ಸೊನ್ನೆಗೂ ಅರ್ಥವಿದೆ. ಗಡಿಯಾರದ ಲೀಸ್ಟ್ ಕೌಂಟ್ 0.1 ಸೆಕೆಂಡು ಎಂದು ಅದು ಹೇಳುತ್ತದೆ. ತಂತ್ರಾಂಶ ಅದನ್ನು 36 ಮಾಡಿ ತೋರಿಸಿದರೆ, ಆ ಕಂಬಕ್ಕೆ ಒಂದು ದಶಾಂಶ ಸ್ಥಾನ ಇರುವಂತೆ ನಿಗದಿಮಾಡಿ.

ಪುಟದ ಸರಾಸರಿಯೇ ಸಾಕ್ಷಿ

ಈಗ ಬಿಟ್ಟುಬಂದ ಸರಾಸರಿಯ ಕಂಬಕ್ಕೆ ಮರಳೋಣ. ಈ ಲೇಖನದಿಂದ ಒಂದೇ ಒಂದು ಸಂಗತಿ ನೆನಪಿಟ್ಟುಕೊಳ್ಳುವುದಾದರೆ ಇದು ಇರಲಿ: ಪುಟದಲ್ಲಿರುವ ಸರಾಸರಿ ಗ್ರಾಫ್ ಎಳೆಯಲು ಅಲ್ಲ, ನೀವು ಅಂಕಿಗಳನ್ನು ಸರಿಯಾಗಿ ಓದಿದ್ದೀರೋ ಎಂದು ಪರೀಕ್ಷಿಸಲು.

ಎರಡನೇ ಸಾಲನ್ನು ನೋಡಿ. ಮೊದಲ ರೀಡಿಂಗ್ 33.1 ಎಂದು ಓದಿದರೆ, 33.1, 33.5, 33.6 ಇವುಗಳ ಸರಾಸರಿ 33.4. ಪುಟದಲ್ಲಿ ವಿದ್ಯಾರ್ಥಿ ಬರೆದದ್ದು 33.6. ಹೊಂದುವುದಿಲ್ಲ. 33.7 ಎಂದು ಓದಿದರೆ ಮೊತ್ತ 100.8, ಸರಾಸರಿ ಸರಿಯಾಗಿ 33.6. ಆ ಅಂಕಿ 7. ಬರೆದವರು ಅಲ್ಲಿಲ್ಲದಿದ್ದರೂ ಅವರ ಲೆಕ್ಕವೇ ಉತ್ತರ ಹೇಳಿತು. ಇನ್ನೂ ಅನುಮಾನವಿದ್ದರೆ T ಕಂಬವಿದೆ: ಅಲ್ಲಿ 1.68 ಎಂದಿದ್ದರೆ 20ರಿಂದ ಗುಣಿಸಿ, ಮತ್ತೆ 33.6 ಬರುತ್ತದೆ. ಅದೇ ಕೈಬರಹದಲ್ಲಿ ಖಚಿತವಾಗಿ 1 ಆಗಿರುವ, ಖಚಿತವಾಗಿ 7 ಆಗಿರುವ ಅಂಕಿಗಳನ್ನು ಬೇರೆ ಸಾಲುಗಳಲ್ಲಿ ಹುಡುಕಿ ಹೋಲಿಸುವುದೂ ಒಳ್ಳೆಯದು.

ಈ ಪರೀಕ್ಷೆಗೆ ಮಿತಿಗಳಿವೆ. ವಿದ್ಯಾರ್ಥಿಯೇ ಸರಾಸರಿಯನ್ನು ತಪ್ಪಾಗಿ ಲೆಕ್ಕ ಹಾಕಿರಬಹುದು. ಆಗ ಮೂರು ರೀಡಿಂಗುಗಳೂ ಸ್ಪಷ್ಟವಾಗಿ ಓದಲು ಬರುತ್ತವೆ, ಸರಾಸರಿ ಮಾತ್ರ ಹೊಂದುವುದಿಲ್ಲ, T ಮಾತ್ರ ಆ ತಪ್ಪು ಸರಾಸರಿಗೆ ಹೊಂದುತ್ತದೆ. ಅಂಥಲ್ಲಿ ರೀಡಿಂಗುಗಳನ್ನು ಇಟ್ಟುಕೊಂಡು ಪುಟದ ಸರಾಸರಿಯನ್ನು ಬಿಡಬೇಕು. ಪೂರ್ಣಾಂಕಕ್ಕೆ ತಿರುಗಿಸಿದ್ದರಿಂದ ಬರುವ ಚಿಕ್ಕ ವ್ಯತ್ಯಾಸವನ್ನೂ ತಪ್ಪೆಂದು ಹಿಡಿಯಬಾರದು. ಒಂದು ದಶಾಂಶ ಸ್ಥಾನಕ್ಕೆ ಬರೆದ ಸರಾಸರಿ 0.05ರವರೆಗೆ ಆಚೀಚೆ ಇರಬಹುದು. ಮೊಬೈಲಿನಲ್ಲಿ ಫೋಟೊ ತೆಗೆದು ಅಕ್ಷರ ಹೆಕ್ಕುವ ತಂತ್ರಾಂಶ ಬಳಸಿದರೂ ಈ ತಾಳೆ ತಪ್ಪಿದ್ದಲ್ಲ. ಕೈಬರಹದ ದಶಾಂಶ ಬಿಂದುವನ್ನು ಕ್ಯಾಮೆರಾ ಸುಲಭವಾಗಿ ಕಳೆದುಬಿಡುತ್ತದೆ.

ನಾಲ್ಕನೇ ಸಾಲಿನ ಕಥೆ

ಇದೇ ಪರೀಕ್ಷೆಯನ್ನು ನಾಲ್ಕನೇ ಸಾಲಿಗೆ ಮಾಡಿದರೆ ಬೇರೆಯೇ ಉತ್ತರ ಬರುತ್ತದೆ. ಎರಡನೇ ರೀಡಿಂಗ್ 36.2 ಆದರೆ ಸರಾಸರಿ 37.5, 38.2 ಆದರೆ 38.17. ಪುಟದಲ್ಲಿರುವುದು 37.5. ಅಂದರೆ ನಾವು 36.2 ಎಂದು ಓದಿದ್ದು ಸರಿ. ಆದರೆ ಒಂದೇ ಉದ್ದಕ್ಕೆ 38.1, 36.2, 38.2 ಬರುವುದು ಸಹಜವಲ್ಲ. ಉಳಿದ ಎಲ್ಲ ಸಾಲುಗಳಲ್ಲಿ ಮೂರು ರೀಡಿಂಗುಗಳ ನಡುವಿನ ಅಂತರ 0.2 ಸೆಕೆಂಡು. ಗುಂಡಿ ಒತ್ತುವ ಬೆರಳಿನ ತಡ ಅಷ್ಟೇ ಇರುವುದು. ಇಲ್ಲಿ ಅದು 2 ಸೆಕೆಂಡು.

ಇಂಥ ಸಾಲನ್ನು ಬೇಗ ಗುರುತಿಸಲು ಒಂದು ದಾರಿಯಿದೆ. ಲೋಲಕದಲ್ಲಿ ಕಾಲದ ವರ್ಗ ಉದ್ದಕ್ಕೆ ಅನುಪಾತದಲ್ಲಿರುತ್ತದೆ. ಆದ್ದರಿಂದ ಸರಾಸರಿ ಕಾಲವನ್ನು ವರ್ಗ ಮಾಡಿ ಸೆಂಟಿಮೀಟರ್ ಉದ್ದದಿಂದ ಭಾಗಿಸಿದರೆ ಎಲ್ಲ ಸಾಲಿಗೂ ಹೆಚ್ಚುಕಡಿಮೆ ಒಂದೇ ಸಂಖ್ಯೆ ಬರಬೇಕು. ನಮ್ಮ ಪುಟದಲ್ಲಿ ಅವು ಕ್ರಮವಾಗಿ 16.12, 16.13, 16.11, 15.63, 16.16. ನಾಲ್ಕನೆಯದು ಎದ್ದು ಕಾಣುತ್ತದೆ.

ಏನಾಗಿರಬಹುದು? ಮೊದಲ ಸಾಧ್ಯತೆ ಎಣಿಕೆಯದು. ಗುಂಡನ್ನು ಬಿಟ್ಟು ಗಡಿಯಾರ ಒತ್ತುವಾಗ "ಸೊನ್ನೆ" ಎನ್ನಬೇಕು. ಅಲ್ಲಿಯೇ "ಒಂದು" ಎಂದರೆ 20 ಎನ್ನುವ ಹೊತ್ತಿಗೆ ನಿಜವಾಗಿ ಆಗಿರುವುದು 19 ಆಂದೋಲನ. 36.2ನ್ನು 19ರಿಂದ ಭಾಗಿಸಿ 20ರಿಂದ ಗುಣಿಸಿದರೆ 38.1 ಬರುತ್ತದೆ, ಪಕ್ಕದ ರೀಡಿಂಗುಗಳಿಗೆ ಸರಿಯಾಗಿ ಹೊಂದುತ್ತದೆ. ಎರಡನೇ ಸಾಧ್ಯತೆ, ಗಡಿಯಾರ 38.2 ತೋರಿಸಿದ್ದು ಬರೆಯುವಾಗ 36.2 ಆಯಿತು, ಸರಾಸರಿಯನ್ನೂ ಬರೆದ ಅಂಕಿಯಿಂದಲೇ ಲೆಕ್ಕ ಹಾಕಿದರು. ಎರಡೂ ವಿವರಣೆಗಳು ಪುಟಕ್ಕೆ ಹೊಂದುತ್ತವೆ. ಯಾವುದು ನಿಜ ಎಂದು ಪುಟ ಹೇಳಲಾರದು.

ಆದ್ದರಿಂದ 36.2ನ್ನು ತಿದ್ದಿ 38.1 ಅಥವಾ 38.2 ಮಾಡಬಾರದು. ಅದನ್ನು ಅಳಿಸಲೂಬಾರದು. ಹಾಳೆಯಲ್ಲಿ ಅದು ಹಾಗೆಯೇ ಉಳಿಯಲಿ, `use` ಕಂಬದಲ್ಲಿ 1ರ ಬದಲು 0 ಹಾಕಿ, ಟಿಪ್ಪಣಿಯಲ್ಲಿ ಕಾರಣ ಬರೆಯಿರಿ: "ಉಳಿದೆರಡಕ್ಕಿಂತ 2 ಸೆಕೆಂಡು ಕಡಿಮೆ, 19 ಆಂದೋಲನ ಎಣಿಸಿರಬಹುದು". ಉಪಕರಣ ಇನ್ನೂ ಲ್ಯಾಬಿನಲ್ಲಿದ್ದರೆ ಆ ಉದ್ದವನ್ನು ಮತ್ತೆ ಅಳೆಯುವುದೇ ಸರಿಯಾದ ಪರಿಹಾರ. ಸಿದ್ಧಾಂತಕ್ಕೆ ಹೊಂದಲಿಲ್ಲ ಎಂಬ ಕಾರಣವೊಂದಕ್ಕೇ ರೀಡಿಂಗನ್ನು ಬಿಡುವಂತಿಲ್ಲ. ಆ ಸಿದ್ಧಾಂತವನ್ನು ಪರೀಕ್ಷಿಸುವುದಕ್ಕೇ ಅಲ್ಲವೇ ಪ್ರಯೋಗ? ಇಲ್ಲಿ ಬಿಡಲು ಆಧಾರ, ಅದೇ ಉದ್ದದ ಬೇರೆ ಎರಡು ರೀಡಿಂಗುಗಳು. ಒಂದೊಂದು ಉದ್ದಕ್ಕೆ ಒಂದೇ ಸಲ ಅಳೆದಿದ್ದರೆ ಆ ಆಧಾರವೂ ಇರುತ್ತಿರಲಿಲ್ಲ.

ದೊಡ್ಡವರ ನೋಟ್‌ಪುಸ್ತಕಗಳೂ ಈ ಪ್ರಶ್ನೆಯಿಂದ ಹೊರತಲ್ಲ. ರಾಬರ್ಟ್ ಮಿಲಿಕನ್ ಎಲೆಕ್ಟ್ರಾನಿನ ವಿದ್ಯುದಾವೇಶವನ್ನು ಅಳೆದು 1913ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ 58 ಎಣ್ಣೆ ಹನಿಗಳ ಅಳತೆ ಇತ್ತು. 60 ದಿನಗಳಲ್ಲಿ ನೋಡಿದ ಎಲ್ಲ ಹನಿಗಳೂ ಇವೇ ಎಂದು ಅವರು ಬರೆದಿದ್ದರು. ವಿಜ್ಞಾನದ ಇತಿಹಾಸಕಾರ ಜೆರಾಲ್ಡ್ ಹೋಲ್ಟನ್ 1970ರ ದಶಕದಲ್ಲಿ ಮಿಲಿಕನ್ನರ ಲ್ಯಾಬ್ ಪುಸ್ತಕಗಳನ್ನು ತೆರೆದು ನೋಡಿದಾಗ, ಪ್ರಬಂಧದಲ್ಲಿ ಇಲ್ಲದ ಇನ್ನೂ ಎಷ್ಟೋ ಹನಿಗಳು ಅಲ್ಲಿದ್ದವು. ಅವುಗಳನ್ನು ಬಿಟ್ಟದ್ದು ಸರಿಯೇ ಎಂಬ ಚರ್ಚೆ ಇಂದಿಗೂ ಇದೆ. ಆ ಚರ್ಚೆ ಸಾಧ್ಯವಾದದ್ದು ಬಿಟ್ಟ ಅಂಕಿಗಳೂ ಪುಟದಲ್ಲಿ ಉಳಿದಿದ್ದರಿಂದ.

ಈಗ ಗ್ರಾಫ್

ಪರೀಕ್ಷೆ ಮುಗಿದ ಮೇಲೆ ಲೆಕ್ಕ ಸುಲಭ. ಪ್ರತಿ ಉದ್ದಕ್ಕೂ `use` 1 ಇರುವ ಸಾಲುಗಳ ಸರಾಸರಿ ಬೇಕು. 90 ಸೆಂ.ಮೀ.ಗೆ ಎಕ್ಸೆಲ್‌ನಲ್ಲಿ ಸೂತ್ರ ಇದು:

```
=AVERAGEIFS(D:D,A:A,90,E:E,1)
```

ಉತ್ತರ 38.15. ಇದನ್ನು 20ರಿಂದ ಭಾಗಿಸಿದರೆ T = 1.9075 ಸೆಕೆಂಡು, T² = 3.639. ಉದ್ದವನ್ನು 100ರಿಂದ ಭಾಗಿಸಿ ಮೀಟರ್ ಮಾಡುವುದೂ ಈಗಲೇ, ಹೊಸ ಕಂಬದಲ್ಲಿ, ಹೊಸ ಹೆಸರಿನಲ್ಲಿ. ಅಡ್ಡ ಅಕ್ಷದಲ್ಲಿ ಉದ್ದ, ಲಂಬ ಅಕ್ಷದಲ್ಲಿ T² ಇಟ್ಟು ಐದು ಬಿಂದುಗಳ ನಡುವೆ ಹೊಂದುವ ನೇರ ಗೆರೆ ಎಳೆದರೆ ಇಳಿಜಾರು 4.06 ಬರುತ್ತದೆ. g = 4π² ÷ ಇಳಿಜಾರು, ಅಂದರೆ 9.72 ಮೀಟರ್ ಪ್ರತಿ ಸೆಕೆಂಡಿನ ವರ್ಗಕ್ಕೆ. ಬೆಂಗಳೂರಿನಲ್ಲಿ g ಸುಮಾರು 9.78. ದಾರ ಮತ್ತು ಕೈಗಡಿಯಾರದ ಪ್ರಯೋಗಕ್ಕೆ ಇದು ಒಳ್ಳೆಯ ಫಲಿತಾಂಶ.

36.2ನ್ನೂ ಸೇರಿಸಿಕೊಂಡು ಪುಟದ ಸರಾಸರಿಯನ್ನೇ ನಂಬಿದ್ದರೆ ಇಳಿಜಾರು 3.94 ಆಗುತ್ತಿತ್ತು, g 10.03. ಹದಿನೈದು ರೀಡಿಂಗುಗಳಲ್ಲಿ ಒಂದೇ ಒಂದು, g ಬೆಲೆಯನ್ನು 0.3ರಷ್ಟು ಮೇಲೆತ್ತಿಬಿಡುತ್ತದೆ. ಕೆಲವು ಪಠ್ಯಗಳು T²ವನ್ನು ಅಡ್ಡ ಅಕ್ಷದಲ್ಲಿ ಇಡುತ್ತವೆ. ಆಗ ಇಳಿಜಾರು 0.246 ಆಸುಪಾಸು ಬರುತ್ತದೆ, 4π²ವನ್ನು ಅದರಿಂದ ಭಾಗಿಸದೆ ಗುಣಿಸಬೇಕು. ಉದ್ದವನ್ನು ಸೆಂಟಿಮೀಟರಿನಲ್ಲೇ ಬಿಟ್ಟಿದ್ದರೆ g 972 ಎಂದು ಬರುತ್ತದೆ. ಅದು ತಪ್ಪಲ್ಲ, ಅದರ ಏಕಮಾನ ಸೆಂಟಿಮೀಟರ್ ಪ್ರತಿ ಸೆಕೆಂಡಿನ ವರ್ಗಕ್ಕೆ, ಅಷ್ಟೆ. ಅಕ್ಷಗಳ ಪಕ್ಕದಲ್ಲಿ ಏಕಮಾನ ಬರೆಯದಿದ್ದರೆ ಇದನ್ನು ಬೇರೆಯವರು ತಿಳಿಯಲಾರರು.

ಪುಟದ ಫೋಟೊವನ್ನು, ಇದ್ದದ್ದು ಇದ್ದ ಹಾಗೆ ಇಳಿಸಿದ ಹಾಳೆಯನ್ನು, ಲೆಕ್ಕದ ಹಾಳೆಯನ್ನು ಬೇರೆ ಬೇರೆ ಕಡತಗಳಾಗಿ ಒಂದೇ ಕಡೆ ಇಡಿ. ಗ್ರಾಫಿನ ಯಾವ ಬಿಂದುವಿನ ಮೇಲೆ ಯಾರು ಬೆರಳಿಟ್ಟು ಕೇಳಿದರೂ, ಅದು ಯಾವ ಪುಟದ ಯಾವ ಸಾಲಿನ ಎಷ್ಟನೇ ಟ್ರಯಲ್ ಎಂದು ನೀವು ತೋರಿಸುವಂತಿರಬೇಕು. ಹಾಗೆ ತೋರಿಸಲು ಆಗದ ಬಿಂದುವನ್ನು ಗ್ರಾಫಿನಲ್ಲಿ ಇಡಬೇಡಿ.